ವಾಲೆಟ್ ಸಹಿ ಹಾಕಲು ಒಪ್ಪದಿದ್ದಾಗ

ಕಂಪ್ಯೂಟರಿನಲ್ಲಿ ಮೊತ್ತ, ವಿಳಾಸ ಎಲ್ಲ ತುಂಬಿಯಾಗಿದೆ. ಲೆಡ್ಜರ್ ವಾಲೆಟ್‌ನ ಗುಂಡಿ ಒತ್ತಿದರೆ ಇಥೀರಿಯಂ ಹೊರಡಬೇಕು, ಹೊರಡುತ್ತಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಒಂದೇ: ವ್ಯವಹಾರದ ವಿವರ ವಾಲೆಟ್‌ನ ಪುಟ್ಟ ಪರದೆಯ ಮೇಲೆ ಬಂತೇ, ಇಲ್ಲವೇ?

ಬರದಿದ್ದರೆ ತೊಂದರೆ ಸಂಪರ್ಕದ್ದು. ಬರೀ ಚಾರ್ಜಿಂಗ್‌ಗೆಂದು ಮಾಡಿದ ಕೇಬಲ್ ಹಾಕಿದರೂ ವಾಲೆಟ್ ಬೆಳಗುತ್ತದೆ, ಆದರೆ ಮಾಹಿತಿ ದಾಟುವುದಿಲ್ಲ. ಪಿನ್ ಹಾಕಿ ತೆರೆದ ಮೇಲೂ ವಾಲೆಟ್‌ನೊಳಗಿನ ಇಥೀರಿಯಂ ಆ್ಯಪ್ ತೆರೆದಿರಬೇಕು. ಲೆಡ್ಜರ್‌ನ ಸ್ವಂತ ತಂತ್ರಾಂಶವೂ ಬ್ರೌಸರ್‌ನ ವಾಲೆಟ್ಟೂ ಒಟ್ಟಿಗೆ ಚಾಲೂ ಇದ್ದರೆ ಒಂದು ಇನ್ನೊಂದಕ್ಕೆ ದಾರಿ ಬಿಡದಿರುವುದೂ ಉಂಟು. ಒಂದನ್ನು ಮುಚ್ಚಿ, ಬೇರೆ ಕೇಬಲನ್ನು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ ನೋಡುವುದು ಲೇಸು.

ವಿವರ ತಲುಪಿಯೂ ವಾಲೆಟ್ ಒಪ್ಪದಿದ್ದರೆ ಕಥೆ ಬೇರೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗೆ ಹೋಗುವ ಮಾಹಿತಿಯನ್ನು ಅದು ಓದಲಾಗದೆ, Blind signing ಆಯ್ಕೆಯನ್ನು ಚಾಲೂ ಮಾಡಿ ಎನ್ನುತ್ತದೆ. ಅಂದರೆ ಏನಿದೆಯೆಂದು ತಿಳಿಯದೆ ಸಹಿ ಹಾಕುವುದು. ಇದರ ಬೆಲೆ ಎಷ್ಟೆಂಬುದು 2025ರ ಫೆಬ್ರವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರಕ್ಕೆ ಗೊತ್ತಾಯಿತು. ಕಂಪ್ಯೂಟರ್ ಪರದೆ ಮಾಮೂಲಿ ವರ್ಗಾವಣೆಯನ್ನು ತೋರಿಸುತ್ತಿತ್ತು. ವಾಲೆಟ್‌ಗೆ ಬಂದ ಮಾಹಿತಿ ಮಾತ್ರ ಖಾತೆಯ ಹಿಡಿತವನ್ನೇ ಕಳ್ಳರಿಗೆ ಒಪ್ಪಿಸುವಂಥದ್ದು. ಅಧಿಕಾರಿಗಳು ಸಹಿ ಹಾಕಿದರು, ಸುಮಾರು 150 ಕೋಟಿ ಡಾಲರ್ ಹೋಯಿತು. ಪರಿಚಯವಿಲ್ಲದ ತಾಣ ಕೇಳಿತೆಂದು ಈ ಆಯ್ಕೆಯನ್ನು ಚಾಲೂ ಮಾಡಲೇಬಾರದು.

ಕೆಲವೊಮ್ಮೆ ವಾಲೆಟ್‌ನ ಆ್ಯಪ್ ಅಥವಾ ಫರ್ಮ್‌ವೇರ್ ಹಳತಾಗಿ ಹೊಸ ಬಗೆಯ ವ್ಯವಹಾರ ಅದಕ್ಕೆ ಅರ್ಥವಾಗುವುದಿಲ್ಲ. ಆಗ ಅಪ್‌ಡೇಟ್ ಬೇಕು, ಅದೂ ತಯಾರಕರದೇ ತಂತ್ರಾಂಶದಿಂದ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ನಕಲಿ ಲೆಡ್ಜರ್ ಆ್ಯಪ್ ನುಸುಳಿ ಜನರ ಬಿಟ್‌ಕಾಯಿನ್ ದೋಚಿತ್ತು. ಅಪ್‌ಡೇಟ್‌ಗೆ ಮುಂಚೆ 24 ಪದಗಳ ಚೀಟಿ ಕೈಗೆಟಕುವಂತಿರಲಿ. ವಾಲೆಟ್ ಕೆಟ್ಟರೂ ಆ ಪದಗಳಿಂದ ಹಣ ಮತ್ತೆ ಸಿಗುತ್ತದೆ. ಅವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಹೇಳುವವರು ಯಾರೇ ಆಗಲಿ, ಕಳ್ಳರೇ.

ಕೊನೆಯದು ವಿಳಾಸ. ನಕಲು ಮಾಡಿ ಅಂಟಿಸುವಾಗ ಅದನ್ನು ಬದಲಿಸುವ ಕುತಂತ್ರಾಂಶಗಳಿವೆ. 2024ರ ಮೇ ತಿಂಗಳಲ್ಲಿ ಒಬ್ಬರು, ಮೊದಲ ಮತ್ತು ಕೊನೆಯ ಅಕ್ಷರಗಳು ಹೋಲುವ ವಿಳಾಸವನ್ನು ನಂಬಿ, ಸುಮಾರು 6.8 ಕೋಟಿ ಡಾಲರ್ ಮೌಲ್ಯದ ಟೋಕನ್ ಕಳಿಸಿಬಿಟ್ಟರು. ಆದ್ದರಿಂದ ಪಡೆಯುವವರಿಂದಲೇ ಕೇಳಿ ತಿಳಿದ ವಿಳಾಸವನ್ನು ವಾಲೆಟ್‌ನ ಪರದೆಯಲ್ಲಿ ಕಾಣುವುದರೊಂದಿಗೆ ನಡುವಿನ ಅಕ್ಷರಗಳನ್ನೂ ಬಿಡದೆ ತಾಳೆ ನೋಡಬೇಕು. ಒಂದಕ್ಷರ ಹೊಂದದಿದ್ದರೂ ತಿರಸ್ಕರಿಸಿ. ಸಹಿಯಾಗದ ವ್ಯವಹಾರಕ್ಕೆ ಶುಲ್ಕವೂ ಕಡಿತವಾಗುವುದಿಲ್ಲ.