ಸೋರುವ ಜಾಯಿಂಟ್ ಮೊದಲು

ಅಮೆರಿಕದ ಸೇತುವೆ ತಪಾಸಣೆಯಲ್ಲಿ ಪ್ರತಿ ಭಾಗಕ್ಕೂ 1ರಿಂದ 4ರವರೆಗೆ ಸ್ಥಿತಿ ಬರೆಯುತ್ತಾರೆ. 1 ಚೆನ್ನು, 4 ಗಂಭೀರ. ಒಂದು ವರದಿ ಹೀಗಿದೆ ಎನ್ನಿ: ಎಕ್ಸ್‌ಪಾನ್ಷನ್ ಜಾಯಿಂಟಿನ ರಬ್ಬರ್ ಪಟ್ಟಿ ಹರಿದಿದೆ, 4. ಕೆಳಗಿನ ಉಕ್ಕಿನ ಬೇರಿಂಗ್ ತುಕ್ಕಿನಿಂದ ಬಿಗಿದುಕೊಂಡಿದೆ, 3. ಡೆಕ್ಕಿನ ಕಾಂಕ್ರೀಟಿಗೆ ಸುತ್ತಿಗೆ ಬಡಿದರೆ ಅಲ್ಲಲ್ಲಿ ಟೊಳ್ಳು ಸದ್ದು, 2.

ಓಡಾಡುವವರ ದೂರು ಬರುವುದು ಡೆಕ್ಕಿನ ಮೇಲೇ. ಸಡಿಲಾದ ಕಾಂಕ್ರೀಟನ್ನು ಕೂಡಲೇ ಕೆಡವಿ ತೇಪೆ ಹಾಕಬೇಕು, ನಿಜ. ಆದರೆ ದೊಡ್ಡ ಖರ್ಚಿನ ಸರದಿಯಲ್ಲಿ ಮೊದಲು ನಿಲ್ಲಬೇಕಾದ್ದು ಜಾಯಿಂಟ್. ಅಲ್ಲಿಂದ ಇಳಿದ ನೀರೇ ಬೇರಿಂಗನ್ನು ಕೆಡಿಸಿದ್ದು. ಬಿಸಿಲಿಗೆ ಗರ್ಡರ್ ಹಿಗ್ಗುವಾಗ ಬೇರಿಂಗ್ ಸರಿಯದಿದ್ದರೆ ಆ ಒತ್ತಡ ಕಂಬದ ತಲೆಗೆ ಹೋಗಿ ಬಿರುಕು ಬಿಡುತ್ತದೆ. ಹಾಗಾಗಿ ಜಾಕ್ ಕೊಟ್ಟು ಗರ್ಡರ್ ಎತ್ತಿ ಬೇರಿಂಗ್ ಬದಲಿಸುವಾಗಲೇ ಜಾಯಿಂಟನ್ನೂ ಬದಲಿಸಬೇಕು. ಜಾಯಿಂಟ್ ಬಿಟ್ಟರೆ ಹೊಸ ಬೇರಿಂಗೂ ತುಕ್ಕು ಹಿಡಿಯುತ್ತದೆ.