ಕೆಲಸ ಬಿಡುವ ಕಾರಣ: ಫೋನಿನಲ್ಲಿ ಹೇಳುವ ಬಗೆ

ನೇಮಕಾತಿ ಸಿಬ್ಬಂದಿಯ ಮೊದಲ ಫೋನ್ ಕರೆಯಲ್ಲೇ ‘ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?’ ಎಂಬ ಪ್ರಶ್ನೆ ಬರುತ್ತದೆ. ಇದರ ಹಿಂದೆ ಎರಡು ಅನುಮಾನಗಳಿರುತ್ತವೆ: ಅಭ್ಯರ್ಥಿ ಅದೇ ಕಾರಣಕ್ಕೆ ಇಲ್ಲಿಂದಲೂ ಹೊರಡಬಹುದೇ? ಹಳೆಯ ಕಂಪನಿ ಸಂಬಳ ಏರಿಸಿದರೆ ಅಲ್ಲೇ ಉಳಿಯಬಹುದೇ? ಬೆಂಗಳೂರಿನ ಐಟಿ ಕಂಪನಿಗಳಲ್ಲಿ 90 ದಿನಗಳ ನೋಟಿಸ್ ಅವಧಿ ಇರುವಲ್ಲಿ ಎರಡನೆಯದು ಹೆಚ್ಚು ಕಾಡುತ್ತದೆ.

‘ಮ್ಯಾನೇಜರ್ ಸರಿಯಿಲ್ಲ’ ಎಂದರೆ ಮೊದಲ ಅನುಮಾನ ಬಲವಾಗುತ್ತದೆ. ‘ಸಂಬಳ ಸಾಲದು’ ಎಂದಷ್ಟೇ ಹೇಳಿದರೆ ಎರಡನೆಯದು. ‘ಮೂರು ವರ್ಷದಿಂದ ಮ್ಯಾನುಯಲ್ ಟೆಸ್ಟಿಂಗ್ ಮಾಡ್ತಿದ್ದೀನಿ. ಆಟೊಮೇಷನ್ ಕೆಲಸ ಕೇಳಿದೆ, ನಮ್ಮ ತಂಡದಲ್ಲಿ ಅದಿಲ್ಲ. ನಿಮ್ಮಲ್ಲಿ ಅದೇ ಮುಖ್ಯ ಕೆಲಸ’ ಎಂಬ ಉತ್ತರ ಎರಡನ್ನೂ ತಗ್ಗಿಸುತ್ತದೆ. ಕಂಪನಿಯೇ ಕೆಲಸದಿಂದ ತೆಗೆದಿದ್ದರೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುವುದು ಲೇಸು. ಮುಚ್ಚಿಟ್ಟರೆ ಹಿನ್ನೆಲೆ ಪರಿಶೀಲನೆಯಲ್ಲಿ ಹೊರಬೀಳಬಹುದು.