ಪತ್ರದಿಂದ ಪೋಸ್ಟ್‌ಗೆ: ಬೆಲೆ ಏರಿಕೆಯ ಸುದ್ದಿ ಹೇಳುವುದು ಹೇಗೆ?

ಬೋಧನಾಭ್ಯಾಸದ ಮೂರನೆಯ ವಾರ ಎಂಟನೇ ತರಗತಿಗೆ ಶೇಕಡಾ ಹೆಚ್ಚಳದ ಪಾಠ ಮಾಡುತ್ತಿದ್ದೆ. ಒಬ್ಬ ವಿದ್ಯಾರ್ಥಿನಿಯ ತಂದೆಗೆ ಕಾಫಿ ಪುಡಿಯ ಅಂಗಡಿ ಇದೆ. ಉದಾಹರಣೆಗೆಂದು ಅದನ್ನೇ ತೆಗೆದುಕೊಂಡಾಗ ಅವಳು ಹೇಳಿದಳು: "ಹೋದ ಸಲ ಅಪ್ಪ ಬೋರ್ಡಿನಲ್ಲಿ ಸುಮ್ಮನೆ ರೇಟು ಬದಲಾಯಿಸಿದ್ರು ಸರ್. ದಿನಾ ಬರ್ತಿದ್ದ ಮೂರು ಮನೆಯವರು ಬರೋದನ್ನೇ ಬಿಟ್ಟರು. ಈಗ ಮತ್ತೆ ಏರಿಸಬೇಕು." ಲೆಕ್ಕದ ಪಾಠ ಅಲ್ಲಿಂದ ಪತ್ರ ಬರೆಯುವ ಪಾಠವಾಯಿತು. ಕನ್ನಡ ಶಿಕ್ಷಕಿಯವರ ಒಪ್ಪಿಗೆ ಪಡೆದು ಅವರ ಒಂದು ಅವಧಿಯನ್ನೂ ಸೇರಿಸಿಕೊಂಡೆ. ಖಾಯಂ ಗ್ರಾಹಕರಿಗೆ ಒಂದು ಪತ್ರ ಬರೆಯಬೇಕು, ನಂತರ ಅದನ್ನೇ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೊಂದಿಸಬೇಕು. ಇದು ನಾನು ಕೊಟ್ಟ ಕೆಲಸ.

ಮೊದಲು ಲೆಕ್ಕ

ಏರಿಕೆಗೆ ಕಾರಣ ಹೇಳಬೇಕಾದರೆ ಅದು ಬರೆಯುವವರಿಗೇ ಸ್ಪಷ್ಟವಿರಬೇಕು. ಹಸಿ ಕಾಫಿ ಬೀಜದ ಬೆಲೆ ಕಿಲೋಗೆ 100 ರೂಪಾಯಿ ಏರಿದೆ ಎಂದು ಇಟ್ಟುಕೊಂಡೆವು. ಪುಡಿಯ ಬೆಲೆಯೂ ಅಷ್ಟೇ ಏರಬೇಕು ಎಂದು ಮಕ್ಕಳು ಊಹಿಸಿದರು. ಆದರೆ ಹುರಿದಾಗ ಬೀಜದ ತೂಕ ಸುಮಾರು ಶೇ. 15ರಿಂದ 20ರಷ್ಟು ಇಳಿಯುತ್ತದೆ. ಒಂದು ಕಿಲೋ ಹುರಿದ ಬೀಜಕ್ಕೆ ಸುಮಾರು 1.2 ಕಿಲೋ ಹಸಿ ಬೀಜ ಬೇಕು. ಹಾಗಾಗಿ ಶುದ್ಧ ಕಾಫಿಯ ಖರ್ಚು ಕಿಲೋಗೆ 120 ರೂಪಾಯಿ ಏರುತ್ತದೆ. ಅಂಗಡಿಯ ಪುಡಿಯಲ್ಲಿ 80 ಭಾಗ ಕಾಫಿ, 20 ಭಾಗ ಚಿಕೋರಿ. ಚಿಕೋರಿಯ ಬೆಲೆ ಬದಲಾಗದಿದ್ದರೆ ಪುಡಿಯ ಖರ್ಚು ಏರುವುದು 120ರ ಶೇ. 80, ಅಂದರೆ 96 ರೂಪಾಯಿ.

ಅಂಗಡಿಯವರು ಕಿಲೋಗೆ 80 ರೂಪಾಯಿ ಏರಿಸಿ, ಉಳಿದ 16 ರೂಪಾಯಿಯನ್ನು ತಾವೇ ಹೊರುತ್ತಾರೆ ಎಂದು ತೀರ್ಮಾನಿಸಿದೆವು. 640 ರೂಪಾಯಿಯ ಪುಡಿ 720 ಆಗುತ್ತದೆ, ಏರಿಕೆ ಶೇ. 12.5. ಬಹುತೇಕ ಮನೆಯವರು ಒಯ್ಯುವುದು ಕಾಲು ಕಿಲೋ. ಅವರಿಗೆ 160 ಇದ್ದದ್ದು 180 ಆಗುತ್ತದೆ.

ಪತ್ರ

ಮಕ್ಕಳು ಗುಂಪಿನಲ್ಲಿ ಬರೆದು, ನಾವೆಲ್ಲ ಸೇರಿ ತಿದ್ದಿದ ಪತ್ರದ ಮುಖ್ಯ ಭಾಗ ಇದು:

"ಮಾನ್ಯರೇ, ಹಲವು ವರ್ಷಗಳಿಂದ ನಮ್ಮಲ್ಲೇ ಪುಡಿ ಕೊಳ್ಳುತ್ತಿದ್ದೀರಿ. ಆದ್ದರಿಂದ ಈ ವಿಷಯ ಬೋರ್ಡಿನಿಂದಲ್ಲ, ನಮ್ಮಿಂದಲೇ ನಿಮಗೆ ತಿಳಿಯಬೇಕು. ಏಪ್ರಿಲ್ 1ರಿಂದ ಕಾಲು ಕಿಲೋ ಪುಡಿಯ ಬೆಲೆ 160ರ ಬದಲು 180 ರೂಪಾಯಿ ಆಗಲಿದೆ. ಹಸಿ ಬೀಜದ ಬೆಲೆ ಕಿಲೋಗೆ 100 ರೂಪಾಯಿ ಏರಿರುವುದರಿಂದ ಒಂದು ಕಿಲೋ ಪುಡಿಗೆ ನಮಗೆ 96 ರೂಪಾಯಿ ಹೆಚ್ಚು ಬೀಳುತ್ತಿದೆ. ಅದರಲ್ಲಿ 80 ರೂಪಾಯಿ ಮಾತ್ರ ಏರಿಸುತ್ತಿದ್ದೇವೆ. ಪುಡಿಯ ಹದ ಮೊದಲಿನಂತೆಯೇ 80:20. ತಿಂಗಳ ಲೆಕ್ಕದ ಪುಸ್ತಕ ಇರುವ ನಿಮಗೆ ಏಪ್ರಿಲ್ 15ರವರೆಗೆ ಈಗಿನ ದರವೇ ಇರುತ್ತದೆ."

ಈ ಪತ್ರದಲ್ಲಿ ನಾಲ್ಕು ಸಂಗತಿಗಳಿವೆ: ಎಷ್ಟು, ಎಂದಿನಿಂದ, ಏಕೆ, ಏನು ಬದಲಾಗುವುದಿಲ್ಲ. ನಾಲ್ಕನೆಯದಕ್ಕೆ ಮಕ್ಕಳು ಮೊದಲು ಮಹತ್ವ ಕೊಟ್ಟಿರಲಿಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಮ್ಮ ದೇಶದ ಆಹಾರ ನಿಯಮ. ಅಂದರೆ ಅಂಗಡಿಯವರು ಬೆಲೆ ಏರಿಸದೆ, ಹದವನ್ನು 70:30 ಮಾಡಿ, ಅದನ್ನು ಪೊಟ್ಟಣದ ಮೇಲೆ ಬರೆದರೂ ತಪ್ಪಿಲ್ಲ. ಆದರೆ ಹಳೆಯ ಗ್ರಾಹಕರ ನಾಲಿಗೆಗೆ ವ್ಯತ್ಯಾಸ ಗೊತ್ತಾಗುತ್ತದೆ. ಬೆಲೆಯೂ ಏರಿ, ಚಿಕೋರಿಯೂ ಹೆಚ್ಚಿತೇ ಎಂಬ ಅನುಮಾನ ಅವರಿಗೆ ಬಂದೇ ಬರುತ್ತದೆ. "80:20" ಎಂಬ ಒಂದು ಸಂಖ್ಯೆ ಆ ಅನುಮಾನಕ್ಕೆ ಉತ್ತರ.

ನನ್ನ ತಪ್ಪು

ಎರಡನೆಯ ಚಟುವಟಿಕೆಗೆ ನನ್ನ ಪಾಠ ಯೋಜನೆಯಲ್ಲಿ "ಪತ್ರವನ್ನು 40 ಪದಗಳಿಗೆ ಸಂಕ್ಷೇಪಿಸುವರು" ಎಂದಷ್ಟೇ ಬರೆದಿದ್ದೆ. ಆರು ಗುಂಪುಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಹೀಗೆ ಬರೆದವು:

"ನಮ್ಮ ಪ್ರೀತಿಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು. ಅನಿವಾರ್ಯ ಕಾರಣಗಳಿಂದ ಕಾಫಿ ಪುಡಿಯ ಬೆಲೆಯಲ್ಲಿ ಅಲ್ಪ ಏರಿಕೆ ಮಾಡಲಾಗಿದೆ. ಎಂದಿನಂತೆ ತಮ್ಮ ಸಹಕಾರ ಕೋರುತ್ತೇವೆ."

ಸಂಕ್ಷೇಪಿಸಿ ಎಂದಾಗ ಮಕ್ಕಳು ಸಂಖ್ಯೆಗಳನ್ನು ಬಿಟ್ಟು ಉಪಚಾರದ ಮಾತುಗಳನ್ನು ಉಳಿಸಿಕೊಂಡರು. ನಾಲ್ಕೂ ಸಂಗತಿಗಳು ಹೋದವು. "ಅಲ್ಪ" ಎಂಬುದು ಮಾರುವವರ ಅಭಿಪ್ರಾಯ, ಅಲ್ಪವೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಕೊಡುವವರು. "ಮಾಡಲಾಗಿದೆ" ಎಂದಾಗ ಮಾಡಿದವರು ಯಾರೆಂಬುದೇ ಮರೆಯಾಗುತ್ತದೆ. ಮಕ್ಕಳದು ತಪ್ಪಲ್ಲ, ನಾನು ಕೊಟ್ಟ ಸೂಚನೆಯೇ ಹಾಗಿತ್ತು. ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಟಿಪ್ಪಣಿ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಉದ್ದ ಬದಲಾಯಿತು ಸರಿ, ಓದುಗ ಬದಲಾದದ್ದನ್ನು ಯಾರು ಹೇಳಬೇಕು?"

ಓದುಗ ಬದಲಾದಾಗ

ಮರುದಿನ ಅದನ್ನೇ ಪ್ರಶ್ನೆಯಾಗಿ ಇಟ್ಟೆ. ಪತ್ರ ಯಾರ ಕೈಗೆ ಹೋಗುತ್ತದೆ, ಸ್ಟೇಟಸ್ ಯಾರ ಕಣ್ಣಿಗೆ ಬೀಳುತ್ತದೆ? ಒಬ್ಬ ಹುಡುಗ ಎದ್ದು ಕೇಳಿದ: "ನಿಮಗೆ 15ರವರೆಗೆ ಹಳೇ ದರ ಅಂತ ಸ್ಟೇಟಸ್ ಹಾಕಿದ್ರೆ, ಹೊಸಬರು ಬಂದು ನಮಗೂ ಕೊಡಿ ಅಂತಾರಲ್ಲ ಸರ್?" ಪತ್ರದಲ್ಲಿ 'ನೀವು' ಎಂದರೆ ಒಂದು ಮನೆ. ಸ್ಟೇಟಸ್ಸಿನಲ್ಲಿ ಅದು ಅಂಗಡಿಯ ನಂಬರಿನೊಂದಿಗೆ ಸಂಪರ್ಕ ಇರುವ ಎಲ್ಲರೂ. ಆದ್ದರಿಂದ ರಿಯಾಯಿತಿ ಯಾರಿಗೆ ಎಂಬ ಷರತ್ತನ್ನು ಬಿಡಿಸಿ ಬರೆಯಬೇಕು. ಮುಚ್ಚಿಟ್ಟರೆ ಅದು ಹೇಗೂ ಬಾಯಿಂದ ಬಾಯಿಗೆ ಹರಡಿ, ಉಳಿದವರಿಗೆ ಬೇಸರ ತರುತ್ತದೆ. ಲೆಕ್ಕದ ವಿವರವನ್ನು ಒಂದು ವಾಕ್ಯಕ್ಕೆ ಇಳಿಸಬಹುದು, ಬೇಕಾದವರು ಕೇಳುತ್ತಾರೆ. ಮೊಬೈಲಿನಲ್ಲಿ ಮೊದಲ ಸಾಲಿನಲ್ಲೇ ಕಣ್ಣು ನಿಲ್ಲುವುದರಿಂದ ಬೆಲೆ ಮತ್ತು ದಿನಾಂಕ ಅಲ್ಲಿಯೇ ಇರಬೇಕು. ಎರಡನೆಯ ಪ್ರಯತ್ನ ಹೀಗಾಯಿತು:

"ಏಪ್ರಿಲ್ 1ರಿಂದ ನಮ್ಮ ಕಾಫಿ ಪುಡಿ ಕಾಲು ಕಿಲೋಗೆ 180 ರೂಪಾಯಿ (ಈಗ 160). ಬೀಜದ ಬೆಲೆ ಏರಿದೆ. ನಮಗೆ ಬಿದ್ದ ಹೆಚ್ಚುವರಿ ಖರ್ಚಿನಲ್ಲಿ ಒಂದು ಭಾಗವನ್ನು ನಾವೇ ಹೊರುತ್ತಿದ್ದೇವೆ. ಹದ ಬದಲಾಗಿಲ್ಲ: 80 ಕಾಫಿ, 20 ಚಿಕೋರಿ. ಮಾರ್ಚ್ 31ರವರೆಗೆ ಎಲ್ಲರಿಗೂ, ತಿಂಗಳ ಲೆಕ್ಕದ ಪುಸ್ತಕ ಇರುವವರಿಗೆ ಏಪ್ರಿಲ್ 15ರವರೆಗೆ ಈಗಿನ ದರ. ಏನಾದರೂ ಕೇಳುವುದಿದ್ದರೆ ಅಂಗಡಿಗೆ ಬನ್ನಿ, ಫೋನ್ ಮಾಡಿ."

ಇದು ಮೊದಲಿನದಕ್ಕಿಂತ ಉದ್ದವಾಗಿದೆ, ನನ್ನ 40 ಪದಗಳ ಮಿತಿಯನ್ನೇ ಮೀರಿದೆ. ಆದರೂ ನಾಲ್ಕೂ ಸಂಗತಿಗಳು ಇದರಲ್ಲಿ ಉಳಿದಿವೆ. ಇನ್ನೊಂದು ಮಾತು ಆ ವಿದ್ಯಾರ್ಥಿನಿಯಿಂದಲೇ ಬಂತು: "ನಮ್ಮ ಹಳೇ ಗಿರಾಕಿ ಅಜ್ಜಂದಿರು ಸ್ಟೇಟಸ್ ನೋಡಲ್ಲ." ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ. ಹಾಗಾಗಿ ಪತ್ರ ಒಂದು ವಾರ ಮೊದಲು ಪುಡಿಯ ಪೊಟ್ಟಣದ ಜೊತೆ ಹೋಗಬೇಕು, ಪೋಸ್ಟ್ ಆಮೇಲೆ. ಖಾಯಂ ಗ್ರಾಹಕರಿಗೆ ಸುದ್ದಿ ಊರಿಗೆಲ್ಲ ತಿಳಿದ ಮೇಲೆ ತಲುಪಿದರೆ, ಪತ್ರದ ಎರಡನೆಯ ವಾಕ್ಯವೇ ಸುಳ್ಳಾಗುತ್ತದೆ.

ಮೌಲ್ಯಮಾಪನಕ್ಕೆ ಈಗ ನಾನು ಪದಗಳನ್ನು ಎಣಿಸುವುದಿಲ್ಲ. ಒಂದು ಗುಂಪಿನ ಪೋಸ್ಟನ್ನು ಪತ್ರ ಓದದ ಬೇರೆ ಗುಂಪಿಗೆ ಕೊಟ್ಟು, ಮೂರು ಪ್ರಶ್ನೆ ಕೇಳುತ್ತೇನೆ: ಮುಂದಿನ ತಿಂಗಳು ಅರ್ಧ ಕಿಲೋಗೆ ಎಷ್ಟು ಕೊಡಬೇಕು? ಎಂದಿನಿಂದ? ಪುಡಿ ಹಳೆಯದೇನಾ? ಮೊದಲ ಕರಡು ಓದಿದವರು ಒಂದಕ್ಕೂ ಉತ್ತರಿಸಲಿಲ್ಲ. ಎರಡನೆಯದನ್ನು ಓದಿದವರು ಮೂರಕ್ಕೂ ಉತ್ತರಿಸಿದರು. 360 ಎಂದು ಲೆಕ್ಕ ಹಾಕಿದ್ದೂ ಸರಿಯಾಗಿತ್ತು. ಆ ವಿದ್ಯಾರ್ಥಿನಿ ಎರಡೂ ಹಾಳೆಗಳನ್ನು ಮಡಚಿ, ಅಪ್ಪನಿಗೆ ತೋರಿಸಲು ಚೀಲಕ್ಕೆ ಹಾಕಿಕೊಂಡಳು.